ಮಾತಿನ ರಾಶಿಯಿಂದ ಕೆಲಸದ ಪಟ್ಟಿ



ಈಚೆಗೆ ನಮ್ಮ ಮನೆಗಳಲ್ಲಿ ಯಾವ ಶುಭಕಾರ್ಯ ಗೊತ್ತಾದರೂ ಮೊದಲು ಹುಟ್ಟುವುದು ವಾಟ್ಸಾಪಿನಲ್ಲೊಂದು ಗುಂಪು. ಲಗ್ನಪತ್ರಿಕೆ ಅಚ್ಚಾಗುವ ಮುನ್ನವೇ ಗುಂಪಿಗೆ ಹೆಸರೂ ಚಿತ್ರವೂ ಬಂದಿರುತ್ತವೆ. ಹಿಂದೆ ಹೀಗಿರಲಿಲ್ಲ. ಮನೆಯ ಹಿರಿಯರೊಬ್ಬರು ಹಾಳೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಮೇಲೆ ‘ಶ್ರೀ’ ಎಂದು ಬರೆದು, ದಿನಸಿಯಿಂದ ಆರಂಭಿಸಿ ಪಟ್ಟಿ ಹಾಕುತ್ತಿದ್ದರು. ಮಾತುಕತೆ, ವಾಗ್ವಾದ, ಮುನಿಸು ಎಲ್ಲವೂ ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡು ನಡೆಯುತ್ತಿದ್ದವು. ಈಗ ಮಾತು ಮೊದಲು, ಪಟ್ಟಿ ಆಮೇಲೆ. ಅನೇಕ ಕಡೆ ಪಟ್ಟಿಯೇ ಇಲ್ಲ. “ಎಲ್ಲ ಗ್ರೂಪಿನಲ್ಲಿ ಇದೆಯಲ್ಲ, ನೋಡಿಕೊಳ್ಳಿ” ಎಂಬ ಧೈರ್ಯವೊಂದೇ ಇರುತ್ತದೆ.

ಗುಂಪಿನಲ್ಲಿ ಎಲ್ಲವೂ ಇರುತ್ತದೆ ಎಂಬುದು ನಿಜ. ಆದರೆ ಅಲ್ಲಿರುವುದು ಮಾತೇ ಹೊರತು ತೀರ್ಮಾನವಲ್ಲ. ಮಾತಿನ ರಾಶಿಯಿಂದ ತೀರ್ಮಾನಗಳನ್ನು ಹೆಕ್ಕುವುದು ನಕಲು ಮಾಡುವ ಕೆಲಸವೂ ಅಲ್ಲ, ಕೂಡುವ ಕೆಲಸವೂ ಅಲ್ಲ. ಅದು ಓದುವ ಕೆಲಸ. ಗಣಿತ ಬಲ್ಲವರಿಗಿಂತ ವ್ಯಾಕರಣ ಬಲ್ಲವರು, ಅದಕ್ಕಿಂತ ಮಿಗಿಲಾಗಿ ಮನೆಯ ನಂಟು ಬಲ್ಲವರು ಮಾಡಬೇಕಾದ ಕೆಲಸ ಎಂಬುದು ನನ್ನ ಅಭಿಪ್ರಾಯ. ಕನ್ನಡ ಮೇಷ್ಟರಾಗಿದ್ದವನ ಸ್ವಪ್ರಶಂಸೆಯೆಂದು ನೀವು ನಕ್ಕರೂ ಅಡ್ಡಿಯಿಲ್ಲ. ಮುಂದೆ ಓದಿ.

2025ರ ಫೆಬ್ರುವರಿ 6, ಗುರುವಾರ, ನನ್ನ ತಮ್ಮನ ಮಗನ ಹೊಸ ಮನೆಯ ಗೃಹಪ್ರವೇಶ ಮೈಸೂರಿನಲ್ಲಿ ನಡೆಯಿತು. ಹಿಂದಿನ ಸಂಜೆ ವಾಸ್ತುಹೋಮ, ಮರುದಿನ ಬೆಳಗಿನ ಜಾವ ಪ್ರವೇಶ, ಮಧ್ಯಾಹ್ನ ಊಟ. ಗುಂಪಿನಲ್ಲಿ ಇಪ್ಪತ್ತೇಳು ಜನರಿದ್ದರು: ಮೈಸೂರು, ಬೆಂಗಳೂರು, ಶಿವಮೊಗ್ಗದವರು, ಜೊತೆಗೆ ಸೊಸೆಯ ಅಣ್ಣ ನ್ಯೂಜೆರ್ಸಿಯಿಂದ. ಜನವರಿ ಮೂರನೆಯ ವಾರದ ಹೊತ್ತಿಗೆ ಆರುನೂರ ನಲವತ್ತು ಸಂದೇಶಗಳು ಸೇರಿದ್ದವು. ಬಂಧುಗಳ ಪೈಕಿ ಒಬ್ಬ ಹುಡುಗ, ಲೆಕ್ಕದಲ್ಲಿ ಜಾಣ, ಅದರಲ್ಲಿದ್ದ ಮೊತ್ತಗಳನ್ನೆಲ್ಲ ಎಕ್ಸೆಲ್‌ನಲ್ಲಿ ಹಾಕಿ, ಮೂರು ಲಕ್ಷದ ಹದಿನೈದು ಸಾವಿರದ ಐನೂರು ಎಂದು ಕೊಟ್ಟ. ತಮ್ಮನ ಮನಸ್ಸಿನಲ್ಲಿದ್ದುದು ಅದರ ಅರ್ಧ. ಆತ ಬ್ಯಾಂಕಿನ ಠೇವಣಿ ಮುರಿಸುವುದೋ, ಕರೆದವರ ಪೈಕಿ ಕೆಲವರನ್ನು ಬಿಡುವುದೋ ಎಂಬ ಚಿಂತೆಗೆ ಬಿದ್ದಿದ್ದ. ಆಗ ನನಗೆ ಫೋನು ಬಂತು: “ಅಣ್ಣಯ್ಯ, ಒಂದು ಸಲ ನೀನು ಕೂತು ನೋಡು.”

ಕೂತು ನೋಡಿದೆ. ಎರಡು ದಿನ ಹಿಡಿಯಿತು.

ಮೊದಲು ಯಂತ್ರದ ಮಾತು. ವಾಟ್ಸಾಪಿನಲ್ಲಿ `Export chat` ಎಂಬುದನ್ನು ಒತ್ತಿದರೆ ಗುಂಪಿನ ಮಾತೆಲ್ಲ ಒಂದು ಕಡತವಾಗಿ ಸಿಗುತ್ತದೆ. ಪ್ರತಿ ಸಾಲಿಗೂ ತಾರೀಖು, ಗಂಟೆ, ಬರೆದವರ ಹೆಸರು ಇರುತ್ತವೆ. ಇದನ್ನು ಅಚ್ಚು ಹಾಕಿಸಿ, ಕೆಂಪು ಪೆನ್ನು ಹಿಡಿದು ಕೂತರೆ ನಮ್ಮಂತಹವರಿಗೆ ಅನುಕೂಲ. ಆದರೆ ಚಿತ್ರ, ಧ್ವನಿಗಳನ್ನು ಬಿಟ್ಟು ತೆಗೆದಾಗ ಅವು ಇದ್ದ ಜಾಗದಲ್ಲಿ `<Media omitted>` ಎಂದಷ್ಟೇ ಉಳಿಯುತ್ತದೆ. ನಮ್ಮ ಮನೆಯ ಗುಂಪಿನಲ್ಲಿ ಅತ್ಯಂತ ಮುಖ್ಯವಾದ ಎರಡು ಸಂಗತಿಗಳು ಅಲ್ಲಿಯೇ ಅಡಗಿದ್ದವು. ಪುರೋಹಿತರು ಕೈಯಲ್ಲಿ ಬರೆದ ಹೋಮಸಾಮಗ್ರಿಯ ಚೀಟಿ ಚಿತ್ರವಾಗಿ ಬಂದಿತ್ತು. ಅಡುಗೆಯವರ ದರವನ್ನು ತಮ್ಮನ ಹೆಂಡತಿ ಧ್ವನಿಸಂದೇಶದಲ್ಲಿ ಹೇಳಿದ್ದಳು. ಆದ್ದರಿಂದ ಅಚ್ಚು ಹಾಕಿದ ಹಾಳೆಯಲ್ಲಿ ಆ ಗುರುತು ಬಂದಲ್ಲೆಲ್ಲ ಮೂಲಕ್ಕೆ ಹೋಗಿ ನೋಡಬೇಕು, ಕೇಳಬೇಕು.

ಹುಡುಕುವ ಸೌಲಭ್ಯವನ್ನೂ ಪೂರ್ತಿ ನಂಬುವಂತಿಲ್ಲ. ಒಬ್ಬರು ‘ಊಟ’ ಎಂದು ಬರೆದರೆ, ಇನ್ನೊಬ್ಬರು `oota`, ಮತ್ತೊಬ್ಬರು `uta`, ಹುಡುಗರು `lunch`. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಕಣ್ಣಿನಿಂದ ಓದುವುದೇ ಗತಿ. ಆರುನೂರ ನಲವತ್ತು ಎಂದರೆ ಹೆದರಬೇಡಿ. ಸುಪ್ರಭಾತ, ಹೂಗುಚ್ಛ, ಕೈಮುಗಿದ ಚಿತ್ರ, ತಾಂಬೂಲದ ಚೀಲ ಹಸಿರೋ ಕೆಂಪೋ ಎಂಬ ಮೂರು ದಿನದ ಮಹಾಯುದ್ಧ, ಇವನ್ನು ಹೊಡೆದುಹಾಕಿದರೆ ಉಳಿದದ್ದು ತೊಂಬತ್ತರಷ್ಟು. ಹೆಚ್ಚು ಮಾತಾದದ್ದು ಮುಖ್ಯ ಸಂಗತಿ ಎಂದು ತಿಳಿಯಲೇಬಾರದು. ಚೀಲದ ಬಣ್ಣಕ್ಕೆ ನೂರಕ್ಕೂ ಹೆಚ್ಚು ಸಂದೇಶ, ಕುಡಿಯುವ ನೀರಿಗೆ ಒಂದೂ ಇಲ್ಲ!

ಇನ್ನು ವ್ಯಾಕರಣಕ್ಕೆ ಬರೋಣ. ಹತ್ತನೆಯ ತರಗತಿಯಲ್ಲಿ ಕ್ರಿಯಾಪದದ ರೂಪಗಳನ್ನು ನಾನು ಕಪ್ಪುಹಲಗೆಯ ಮೇಲೆ ಬರೆಸುತ್ತಿದ್ದಾಗ “ಇದರಿಂದ ಏನು ಪ್ರಯೋಜನ ಸಾರ್?” ಎಂದು ಗೊಣಗಿದವರು ಈ ಪುಟದ ಓದುಗರಲ್ಲಿ ಖಂಡಿತ ಇದ್ದೀರಿ. ಪ್ರಯೋಜನ ಇಲ್ಲಿದೆ. “ಶಾಮಿಯಾನ ಹಾಕಿಸೋಣ” ಎಂಬುದು ವಿಧ್ಯರ್ಥ. ಅದರಲ್ಲಿ ಇಚ್ಛೆ ಇದೆ, ಹಾಕಿಸುವವನು ಇಲ್ಲ. “ಹಾಕಿಸಬಹುದು” ಎಂಬುದರಲ್ಲಿ ಇಚ್ಛೆಯೂ ಅರ್ಧ. “ಹಾಕಿಸಬೇಕು” ಎಂದವರು ಬೇರೆಯವರಿಗೆ ಹೇಳುತ್ತಿದ್ದಾರೆ. “ಹಾಕಿಸ್ತೀನಿ” ಎಂದಾಗ ಮಾತ್ರ ಕರ್ತೃಪದ ಸಿಕ್ಕಿತು. “ಹಾಕಿಸಿದೆ” ಎಂದರೆ ಕೆಲಸ ಮುಗಿಯಿತು. ನಾನು ಹಾಳೆಯ ಅಂಚಿನಲ್ಲಿ ಈ ಕ್ರಮದಲ್ಲಿಯೇ ಗುರುತು ಹಾಕುತ್ತ ಹೋದೆ. ತೊಂಬತ್ತರಲ್ಲಿ ‘ಓಣ’ಗಳೇ ಬಹುಪಾಲು. ಒಂದಕ್ಕೊಂದು ಸೇರಿಸಿ ನೋಡಿದಾಗ ಮೂವತ್ತೊಂದು ಕೆಲಸಗಳು ನಿಂತವು. ಅವುಗಳಲ್ಲಿ ಹನ್ನೆರಡಕ್ಕೆ ಮಾತ್ರ ಒಬ್ಬ ಮನುಷ್ಯನ ಹೆಸರಿತ್ತು. ಹತ್ತೊಂಬತ್ತು ಕೆಲಸಗಳನ್ನು ಎಲ್ಲರೂ ‘ಮಾಡೋಣ’ ಎಂದಿದ್ದರು, ಎಂದರೆ ಯಾರೂ ಮಾಡುತ್ತಿರಲಿಲ್ಲ.

‘ಆಯ್ತು’ ಎಂಬ ಪದವಂತೂ ಬಲು ಮೋಸ. “ಬಾಳೆಎಲೆ ಯಾರು ತರುತ್ತಾರೆ?” ಎಂದು ಒಬ್ಬರು ಕೇಳುತ್ತಾರೆ. ನಡುವೆ ಇಬ್ಬರು ಬೇರೆ ವಿಷಯ ಬರೆದಿರುತ್ತಾರೆ. ಕೆಳಗೆ ಒಬ್ಬರು “ಆಯ್ತು” ಎನ್ನುತ್ತಾರೆ. ಅದು ಬಾಳೆಎಲೆಗೋ, ನಡುವಿನ ಮಾತಿಗೋ? ಆಯಿತೆಂದರೆ ಒಪ್ಪಿದೆ ಎಂದೋ, ಮುಗಿಯಿತು ಎಂದೋ, “ಓದಿದೆ” ಎಂದೋ? ಹೆಬ್ಬೆರಳಿನ ಚಿತ್ರವೂ ಹಾಗೆಯೇ. ಇವೆರಡನ್ನೂ ನಾನು ಒಪ್ಪಿಗೆಯೆಂದು ಎಣಿಸಲಿಲ್ಲ. ‘ಹೇಳಿದ್ದೇನೆ’ ಎಂಬುದನ್ನೂ ಅಷ್ಟೇ. “ಹಸುವಿಗೆ ಹೇಳಿದ್ದೀನಿ” ಎಂದರೆ ಗೊತ್ತುಮಾಡಿದ್ದಾರೆಯೋ, ಬರೀ ಪ್ರಸ್ತಾಪಿಸಿದ್ದಾರೆಯೋ ತಿಳಿಯದು. ಎದುರಿನವರು ದಿನ, ಗಂಟೆ, ಹಣ ಮೂರನ್ನೂ ಒಪ್ಪಿಕೊಂಡಿದ್ದರೆ ಮಾತ್ರ ಅದು ಮುಗಿದ ಕೆಲಸ. ಇಲ್ಲದಿದ್ದರೆ ಒಂದು ಫೋನು ಬಾಕಿ ಇದೆ ಎಂದೇ ಬರೆದುಕೊಳ್ಳಬೇಕು.

ಕಾಲವಾಚಕಗಳ ತೊಡಕು ಇನ್ನೊಂದು ಬಗೆ. ಗುಂಪಿನಲ್ಲಿ ಯಾರೂ ತಾರೀಖು ಬರೆಯುವುದಿಲ್ಲ. ‘ನಾಳೆ’, ‘ಭಾನುವಾರ’, ‘ಮುಂದಿನ ವಾರ’ ಎನ್ನುತ್ತಾರೆ. ಸಂದೇಶದ ತಾರೀಖು ನೋಡಿ ಪ್ರತಿಯೊಂದನ್ನೂ ನಿಜವಾದ ದಿನಾಂಕವಾಗಿ ಬದಲಿಸಿ ಬರೆಯಬೇಕು. ಅಲ್ಲಿಯೂ ಎಚ್ಚರ ಬೇಕು. ನ್ಯೂಜೆರ್ಸಿಯ ಹುಡುಗ ಭಾನುವಾರ ರಾತ್ರಿ ಒಂಬತ್ತೂವರೆಗೆ “ನಾಳೆ ಹಣ ಹಾಕ್ತೀನಿ” ಎಂದು ಬರೆದರೆ, ಚಳಿಗಾಲದಲ್ಲಿ ಅವರು ನಮಗಿಂತ ಹತ್ತೂವರೆ ಗಂಟೆ ಹಿಂದಿರುವುದರಿಂದ, ನಮ್ಮ ಫೋನಿನಲ್ಲಿ ಅದು ಸೋಮವಾರ ಬೆಳಿಗ್ಗೆ ಎಂಟು ಗಂಟೆಯ ಸಂದೇಶವಾಗಿ ಕಾಣುತ್ತದೆ. ಅವನ ನಾಳೆ ಸೋಮವಾರ. ನಾವು ಓದಿಕೊಳ್ಳುವ ನಾಳೆ ಮಂಗಳವಾರ.

ಇದಕ್ಕಿಂತ ಅಪಾಯಕಾರಿಯಾದದ್ದು ನಮ್ಮ ಮನೆಯೊಳಗೇ ಇತ್ತು. ಹಸುವನ್ನು ಗೊತ್ತುಮಾಡಿದ ನನ್ನ ದೊಡ್ಡಪ್ಪನ ಮಗ “ಬುಧವಾರ ರಾತ್ರಿ ನಾಲ್ಕಕ್ಕೆ ಬರ್ತಾನೆ” ಎಂದು ಬರೆದಿದ್ದ. ಪಂಚಾಂಗದ ರೀತಿಯಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಆದ್ದರಿಂದ ಗುರುವಾರ ಬೆಳಗಿನ ಜಾವದ ನಾಲ್ಕು ಗಂಟೆಯೆಂದರೆ ಹಳಬರಿಗೆ ಬುಧವಾರದ ರಾತ್ರಿಯೇ. ಅವನು ಬರೆದದ್ದು ಸರಿ. ಆದರೆ ಅದನ್ನು ಓದಿದ ಹುಡುಗ ತನ್ನ ಪಟ್ಟಿಯಲ್ಲಿ “ಬುಧವಾರ, ಬೆಳಿಗ್ಗೆ 4.00, ಹಸು” ಎಂದು ಹಾಕಿದ್ದ. ಇಪ್ಪತ್ತನಾಲ್ಕು ಗಂಟೆ ಮೊದಲು! ಹಸುವಿನವನಿಗೆ ದಾರಿ ಹೇಳಿ ಬಾಗಿಲು ತೆರೆಯಬೇಕಾದವನು ಅದೇ ಹುಡುಗ. ಪ್ರವೇಶದ ಮುಹೂರ್ತದಲ್ಲಿ ಮೊದಲು ಒಳಗೆ ಹೆಜ್ಜೆಯಿಡುವುದು ಹಸು, ಕರು. ಅವೇ ಇಲ್ಲದಿದ್ದರೆ ಪುರೋಹಿತರು ಕಾಯುವರೇ, ಮುಹೂರ್ತ ಕಾಯುವುದೇ? ನನ್ನ ಪಟ್ಟಿಯಲ್ಲಿ ಹೀಗೆ ಬರೆದೆ: “ಗುರುವಾರ, ಫೆಬ್ರುವರಿ 6, ಬೆಳಗಿನ ಜಾವ 4 ಗಂಟೆ, ಬುಧವಾರ ಮಲಗಿ ಎದ್ದ ಮೇಲೆ.” ಉದ್ದವಾಯಿತೆಂದು ಮಕ್ಕಳು ನಕ್ಕರು. ಆದರೆ ಅನುಮಾನಕ್ಕೆ ಎಡೆಯಿರಲಿಲ್ಲ.

ಈಗ ಹಣದ ವಿಚಾರ. ಮೂರು ಲಕ್ಷದ ಹದಿನೈದೂವರೆ ಸಾವಿರ ಹೇಗೆ ಬಂತು? ಕೂಡುವುದರಲ್ಲಿ ಹುಡುಗ ತಪ್ಪಿರಲಿಲ್ಲ, ಕೂಡಬಾರದವನ್ನು ಕೂಡಿದ್ದ. ಗುಂಪಿನಲ್ಲಿ ಊಟದ ಬಗ್ಗೆ ಬಂದ ಅಂಕಿಗಳನ್ನಷ್ಟೇ ನೋಡಿ. ಜನವರಿ 5ರಂದು ತಮ್ಮ “ಊಟ ಗೀಟ ಅಂತ ಒಂದೂವರೆ ಲಕ್ಷ ಆಗಬಹುದು” ಎಂದಿದ್ದ. 8ರಂದು ಅವನ ಮಗ, ಅಡುಗೆಯವರು ಎಲೆಗೆ 320 ಹೇಳುತ್ತಿದ್ದಾರೆಂದು ಬರೆದ. 11ರಂದು ತಮ್ಮನ ಹೆಂಡತಿಯ ಧ್ವನಿಸಂದೇಶ: ಎರಡನೆಯ ಸಿಹಿ ಸೇರಿದರೆ 350. 12ರಂದು ತಮ್ಮ “350ಕ್ಕೇ ಮಾಡಿಸಿ” ಎಂದ. ಅದೇ ದಿನ ಯಾರೋ “250 ಜನ ಅಂತ ಹೇಳಿಬಿಡೋಣ” ಎಂದರು. 14ರಂದು “ಅಡ್ವಾನ್ಸ್ 15,000 ಕೊಟ್ಟೆ” ಎಂದು ಮಗನ ಸಂದೇಶ. ಹುಡುಗ ಒಂದೂವರೆ ಲಕ್ಷವನ್ನು ಒಂದು ಸಾಲಾಗಿ, 350ನ್ನು 250ರಿಂದ ಗುಣಿಸಿ 87,500 ಎಂದು ಇನ್ನೊಂದು ಸಾಲಾಗಿ, ಮುಂಗಡದ 15,000ವನ್ನು ಮತ್ತೊಂದು ಸಾಲಾಗಿ ಹಾಕಿದ್ದ. ಒಂದೇ ಊಟ ಮೂರು ವೇಷದಲ್ಲಿ ಬಂದು ಮೂರು ಸಲ ಉಂಡು ಹೋಗಿತ್ತು!

ಅಂಕಿಗೂ ಜಾತಿಯುಂಟು. ಒಂದು ಅಂದಾಜು, ಒಂದು ಎದುರಿನವರು ಹೇಳಿದ ದರ, ಒಂದು ಒಪ್ಪಿದ ದರ, ಒಂದು ಕೊಟ್ಟ ಹಣ. ಅಂದಾಜನ್ನು ದರ ನುಂಗುತ್ತದೆ. ಹೇಳಿದ ದರವನ್ನು ಒಪ್ಪಿದ ದರ ನುಂಗುತ್ತದೆ. ಕೊಟ್ಟ ಹಣ ಒಪ್ಪಿದ ಮೊತ್ತದ ಒಳಗಿನ ಪಾಲು, ಹೊರಗಿನದಲ್ಲ. ತಮ್ಮನ ಒಂದೂವರೆ ಲಕ್ಷವಂತೂ ಊಟದ ಅಂದಾಜೇ ಅಲ್ಲ. ‘ಊಟ ಗೀಟ’ ಎಂಬ ಜೋಡುನುಡಿಯಲ್ಲಿ ಗೀಟ ಎಂದರೆ ಶಾಮಿಯಾನ, ಪುರೋಹಿತರು, ತಾಂಬೂಲ ಎಲ್ಲವೂ. ಕೇಳಿದಾಗ ಅವನೂ ಹೌದೆಂದ. ಯಂತ್ರಕ್ಕೆ ‘ಗೀಟ’ದ ಅರ್ಥ ಯಾರು ಹೇಳಬೇಕು?

ಎಲೆಯ ದರ ಗೊತ್ತಾದರೂ ಎಲೆಗಳೆಷ್ಟು ಎಂಬುದು ಗೊತ್ತಿರಲಿಲ್ಲ. ಬಂಧುಗಳು “ನಾವು ಬರ್ತೀವಿ” ಎಂದು ಬರೆದಿದ್ದರು. ತಮಿಳಿನಲ್ಲಿ, ತೆಲುಗಿನಲ್ಲಿ ಕೇಳುವವರನ್ನು ಒಳಗೊಂಡ ‘ನಾವು’ ಬೇರೆ, ಬಿಟ್ಟ ‘ನಾವು’ ಬೇರೆ. ನಮ್ಮ ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ. ಅದು ಹೋಗಲಿ, ‘ನಾವು’ ಎಂದರೆ ಗಂಡಹೆಂಡಿರೇ, ಮಕ್ಕಳೂ ಸೇರಿದಂತೆಯೇ, ಊರಿನಿಂದ ಬಂದಿರುವ ಅತ್ತೆಮಾವಂದಿರೂ ಉಂಟೇ? ತಮ್ಮನ ಮಗಳನ್ನು ಕೂರಿಸಿಕೊಂಡು ಒಂದೊಂದು ಮನೆಗೂ ಫೋನು ಮಾಡಿಸಿ ತಲೆಯೆಣಿಸಿದೆ. 196 ಬಂತು. ಆಗ ತಮ್ಮನ ಹೆಂಡತಿ ಒಳಗಿನಿಂದ, “ಗಾರೆಯವರು, ಬಡಗಿ, ಕರೆಂಟಿನವರು?” ಎಂದಳು. ಮನೆ ಕಟ್ಟಿದವರನ್ನು ಕೂರಿಸಿ ಊಟ ಹಾಕಿ ಬಟ್ಟೆ ಕೊಡದೆ ಗೃಹಪ್ರವೇಶವುಂಟೇ? ಇಪ್ಪತ್ತೇಳು ಜನ ಒಂದು ತಿಂಗಳು ಮಾತಾಡಿದ ಗುಂಪಿನಲ್ಲಿ ಅವರ ಹೆಸರೇ ಬಂದಿರಲಿಲ್ಲ. ಅವರು, ಅವರ ಮನೆಯವರು, ಅಕ್ಕಪಕ್ಕದವರು ಸೇರಿ 24. ಒಟ್ಟು 220.

ಇಲ್ಲಿ ಒಂದು ಮಾತು ಹೇಳಬೇಕು. ಗುಂಪಿನಿಂದ ಹೆಕ್ಕಿದ ಪಟ್ಟಿ ಎಷ್ಟೇ ಶುದ್ಧವಾಗಿದ್ದರೂ ಗುಂಪಿನಲ್ಲಿ ಯಾರೂ ಆಡದ ಮಾತು ಅದರಲ್ಲಿ ಇರಲಾರದು. ಹೆಕ್ಕುವುದು ಮುಗಿದ ಮೇಲೆ ಹಾಳೆಯನ್ನು ಪಕ್ಕಕ್ಕಿಟ್ಟು, ಆ ದಿನವನ್ನು ಗಂಟೆ ಗಂಟೆಯಾಗಿ ಮನಸ್ಸಿನಲ್ಲಿ ನಡೆದುಬರಬೇಕು. ಬುಧವಾರ ಸಂಜೆ ಹೋಮಕ್ಕೆ ನಲವತ್ತು ಜನ ಬಂದರು. ರಾತ್ರಿ ಅವರಿಗೆ ಊಟ? ಬೆಳಗಿನ ಜಾವ ನಾಲ್ಕಕ್ಕೆ ಎದ್ದ ಅರವತ್ತು ಜನರಿಗೆ ಎಂಟು ಗಂಟೆಗೆ ತಿಂಡಿ? ಹೊಸ ಮನೆಯಲ್ಲಿ ಕುಡಿಯುವ ನೀರು? ಎಂಜಲೆಲೆ ಎಲ್ಲಿಗೆ? ಇವು ಯಾವುವೂ ಹುಡುಗನ ಲೆಕ್ಕದಲ್ಲಿರಲಿಲ್ಲ, ಏಕೆಂದರೆ ಯಾರೂ ಬರೆದಿರಲಿಲ್ಲ. ಮೂರು ಲಕ್ಷದ ಲೆಕ್ಕ ಒಂದು ಕಡೆ ದುಪ್ಪಟ್ಟು, ಇನ್ನೊಂದು ಕಡೆ ಕೊರೆ.

ಊಟದ ಲೆಕ್ಕ ಕೊನೆಗೆ ಹೀಗೆ ನಿಂತಿತು. ಮಧ್ಯಾಹ್ನ 220 ಎಲೆ, 350ರಂತೆ 77,000. ಹಿಂದಿನ ರಾತ್ರಿ 40 ಜನಕ್ಕೆ 120ರಂತೆ 4,800. ಬೆಳಗಿನ ತಿಂಡಿ 60 ಜನಕ್ಕೆ 90ರಂತೆ 5,400. ಒಟ್ಟು 87,200. ಇದಲ್ಲದೆ ಶಾಮಿಯಾನ, ಕುರ್ಚಿ, ಮೇಜಿಗೆ 18,000. ಪುರೋಹಿತರ ದಕ್ಷಿಣೆ ಮತ್ತು ಹೋಮಸಾಮಗ್ರಿಗೆ 22,000. ಬಾಗಿಲು ಮತ್ತು ಮಂಟಪದ ಅಲಂಕಾರಕ್ಕೆ 12,000. ತಾಂಬೂಲದ 150 ಚೀಲಗಳಿಗೆ, ಬಣ್ಣ ಯಾವುದಾದರೂ ಆಗಲಿ, 9,000. ಮನೆ ಕಟ್ಟಿದವರ ಬಟ್ಟೆ, ಹಸು, ನೀರು ಇವಕ್ಕೆ 6,800. ಎಲ್ಲ ಕೂಡಿ ಒಂದು ಲಕ್ಷದ ಐವತ್ತೈದು ಸಾವಿರ. ಇದರೊಳಗೆ ಅಡುಗೆಯವರಿಗೆ 15,000, ಶಾಮಿಯಾನದವರಿಗೆ ಪೂರ್ತಿ 18,000, ಅಲಂಕಾರದವರಿಗೆ 2,000, ಹೀಗೆ 35,000 ಆಗಲೇ ಸಂದಿತ್ತು. ಇನ್ನು ಬೇಕಾದದ್ದು ಒಂದು ಲಕ್ಷದ ಇಪ್ಪತ್ತು ಸಾವಿರ. ಕೈಮೀರಿದ್ದಕ್ಕೆಂದು ನೂರಕ್ಕೆ ಹತ್ತರಂತೆ 15,500 ಬೇರೆಯಾಗಿ ತೆಗೆದಿಡಲು ಹೇಳಿದೆ. ಠೇವಣಿ ಉಳಿಯಿತು. ಕರೆದವರನ್ನು ಬಿಡುವ ಮಾತೂ ನಿಂತಿತು.

ಈ ಲೆಕ್ಕದಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ ಸಾಲು ದೊಡ್ಡ ಮೊತ್ತದ್ದಲ್ಲ. ಅದು ಹೂವು.

ಜನವರಿ ಮೊದಲ ವಾರ ನನ್ನ ತಂಗಿ “ಪೂಜೆಗೆ ಹೂವು ನಾನು ತರ್ತೀನಿ” ಎಂದು ಬರೆದಿದ್ದಳು. ಆಕೆಗೆ ಭಾವನವರು ತೀರಿಕೊಂಡ ಮೇಲೆ ಬರುವ ಕುಟುಂಬ ಪಿಂಚಣಿಯೇ ಆಧಾರ. ಅವಳ ಮನಸ್ಸಿನಲ್ಲಿದ್ದುದು ದೇವರಾಜ ಮಾರುಕಟ್ಟೆಗೆ ಹೋಗಿ ನಾಲ್ಕು ಮಾರು ಸೇವಂತಿಗೆ, ಎರಡು ಮಾರು ಮಲ್ಲಿಗೆ, ಬಿಡಿಹೂವು, ಕಲಶಕ್ಕೆ ಒಂದು ಹಾರ ತರುವುದು. ಹತ್ತು ದಿನ ಕಳೆದ ಮೇಲೆ ಅದೇ ಗುಂಪಿನಲ್ಲಿ ಬಾಗಿಲಿಗೆ, ಮೆಟ್ಟಿಲಿಗೆ, ಮಂಟಪಕ್ಕೆ ಹೂವಿನ ಅಲಂಕಾರದ ಚಿತ್ರಗಳು ಬಂದವು. “ಹನ್ನೆರಡು ಸಾವಿರವಂತೆ, ಚೆನ್ನಾಗಿದೆ” ಎಂದರು ಒಬ್ಬರು. “ಹೂವು ಅತ್ತೆ ನೋಡ್ಕೋತಾರೆ ಅಂದಿದ್ರಲ್ಲ” ಎಂದರು ಇನ್ನೊಬ್ಬರು. ಆರು ಹೆಬ್ಬೆರಳು ಬಿದ್ದವು. ಹುಡುಗನ ಎಕ್ಸೆಲ್‌ನಲ್ಲಿ ಸಾಲು ಸ್ವಚ್ಛವಾಗಿ ನಿಂತಿತು: ಹೂವು, 12,000, ಅತ್ತೆ.

ಆ ಗುಂಪಿನಲ್ಲಿ ತಮ್ಮನ ಮಗನಿಗೆ ಅತ್ತೆಯಾಗುವವರು ಮೂವರು: ಸೋದರತ್ತೆಯಾದ ನನ್ನ ತಂಗಿ, ಸೋದರಮಾವನ ಹೆಂಡತಿ, ಹೆಣ್ಣು ಕೊಟ್ಟ ಅತ್ತೆ. ಬರೆದವರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ. ಆದರೆ ಓದಿದ ನನ್ನ ತಂಗಿ ಅದು ತಾನೇ ಎಂದುಕೊಂಡಳು. ಅವಳು ಗುಂಪಿನಲ್ಲಿ ಏನನ್ನೂ ಬರೆಯಲಿಲ್ಲ. ನಾನು ಪಟ್ಟಿ ಮಾಡುತ್ತಿರುವುದು ತಿಳಿದು ಫೋನು ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ, “ಅಣ್ಣ, ಆ ಅಲಂಕಾರದೋರಿಗೆ ಹಣ ಎಷ್ಟು ದಿನ ಮುಂಚೆ ಕೊಡಬೇಕಾಗತ್ತೆ?” ಎಂದು ಕೇಳಿದಳು. ಕೊಡುವುದಿಲ್ಲ ಎನ್ನಲು ಅವಳಿಂದಾಗದು. ಒಂದು ತಿಂಗಳು ಹೇಗೋ ಸುಧಾರಿಸಿದರಾಯಿತು ಎಂಬ ಲೆಕ್ಕ ಆಗಲೇ ಶುರುವಾಗಿತ್ತು.

ಇದು ಯಾರ ದುರುದ್ದೇಶವೂ ಅಲ್ಲ. ಹೆಸರು ಅದೇ ಉಳಿದು ಒಳಗಿನ ವಸ್ತು ಬದಲಾದದ್ದು ಒಂದು. ನಂಟಿನ ಪದ ಯಾರ ಬಾಯಿಂದ ಬಂತು ಎಂದು ನೋಡದೆ ಓದಿದ್ದು ಇನ್ನೊಂದು. ಆದ್ದರಿಂದಲೇ ನನ್ನ ಆಗ್ರಹ: ಪಟ್ಟಿಯಲ್ಲಿ ‘ಅತ್ತೆ’, ‘ಮಾವ’, ‘ಚಿಕ್ಕಪ್ಪ’ ಎಂದು ಬರೆಯಬಾರದು, ಹೆಸರು ಬರೆಯಬೇಕು, ಒಬ್ಬರು ಒಪ್ಪಿಕೊಂಡದ್ದನ್ನು ಅವರ ಮಾತಿನಲ್ಲಿಯೇ, ಒಪ್ಪಿಕೊಂಡ ದಿನದ ಅರ್ಥದಲ್ಲಿಯೇ ಬರೆಯಬೇಕು. ನಾನು ಆ ಸಾಲನ್ನು ಒಡೆದೆ. ಪೂಜೆಯ ಹೂವು ತಂಗಿಯ ಹೆಸರಿನಲ್ಲಿ. ಅದರ ಮುಂದೆ ಅಂಕಿಯಿಲ್ಲ, ಕಾಣಿಕೆಗೆ ಬೆಲೆ ಕಟ್ಟುವುದು ಬೇಡ. ಅಲಂಕಾರ ತಮ್ಮನ ಮಗನ ಹೆಸರಿನಲ್ಲಿ, ಅವನ ಖರ್ಚಿನಲ್ಲಿ. ಮಾವಿನ ತೋರಣ, ಬಾಳೆಕಂಬ ಬೇರೊಬ್ಬರಿಗೆ. ಗುಂಪಿನಲ್ಲಿ ಇದರ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ; ಪಟ್ಟಿ ಹೊರಬಂದಾಗ ಸಾಲುಗಳು ಹಾಗೆ ಇದ್ದವು, ಅಷ್ಟೇ.

ಇದೇ ಕಾರಣಕ್ಕೆ ಕೆಲಸದ ಪಟ್ಟಿ ಮತ್ತು ಹಣದ ಪಟ್ಟಿ ಎರಡನ್ನೂ ಒಂದೇ ಹಾಳೆಯಲ್ಲಿ ಗುಂಪಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಪಾರದರ್ಶಕವಾಗಿರಲಿ ಎಂದು ಮಕ್ಕಳು ವಾದಿಸಿದರು. ಕಚೇರಿಯಲ್ಲಿ ಅದು ಸರಿ. ಮನೆಯಲ್ಲಿ ಯಾರು ಎಷ್ಟು ಕೊಟ್ಟರು ಎಂಬುದು ಇಪ್ಪತ್ತೇಳು ಜನರ ಕಣ್ಣಿಗೆ ಬಿದ್ದರೆ, ಕೊಡಲಾರದವರು ಬರುವುದನ್ನೇ ಬಿಡುತ್ತಾರೆ. ಕೆಲಸದ ಪಟ್ಟಿ ಎಲ್ಲರಿಗೆ. ಹಣದ ಪಟ್ಟಿ ಹಣ ಕೊಡುವ ಮೂರು ನಾಲ್ಕು ಜನಕ್ಕೆ ಮಾತ್ರ. ಆ ಎರಡನೆಯದರಲ್ಲಿ ‘ಯಾರು ಕೊಟ್ಟರು’ ಎಂಬುದರ ಪಕ್ಕದಲ್ಲಿ ‘ಹಿಂದಿರುಗಿಸಬೇಕೇ’ ಎಂಬ ಅಂಕಣವೂ ಇರಲಿ. ನಮ್ಮ ದೊಡ್ಡ ಭಾವನವರು ಶಾಮಿಯಾನದ 18,000 ಕೊಟ್ಟು, “ನಾನು ಕೊಟ್ಟಿದ್ದೀನಿ, ಆಮೇಲೆ ನೋಡೋಣ” ಎಂದು ಬರೆದಿದ್ದರು. ಅದು ಉಡುಗೊರೆಯೋ ಕೈಗಡವೋ? ಕೇಳದೆ ಬಿಟ್ಟರೆ ತಮ್ಮ ಉಡುಗೊರೆಯೆಂದು ತಿಳಿದಿರುತ್ತಾನೆ, ಭಾವ ಕಾಯುತ್ತಿರುತ್ತಾರೆ, ಆರು ತಿಂಗಳ ಮೇಲೆ ಇನ್ನಾವುದೋ ನೆಪದಲ್ಲಿ ಮಾತು ಒಡೆಯುತ್ತದೆ. ಕಾಫಿಗೆಂದು ಅವರ ಮನೆಗೆ ಹೋಗಿ ಕೇಳಿದೆ. ನಕ್ಕು, “ಹತ್ತು ನನ್ನ ಉಡುಗೊರೆ, ಎಂಟು ಕೊಡಲಿ. ನಾನೇ ಹೇಗೆ ಹೇಳಲಿ ಅಂತ ಸುಮ್ಮನಿದ್ದೆ” ಎಂದರು. ಅಂಕಣ ತುಂಬಿತು.

ಉಳಿದದ್ದು ಸುಲಭ. ಹೆಸರಿಲ್ಲದ ಹತ್ತೊಂಬತ್ತು ಕೆಲಸಗಳಿಗೆ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಫೋನು ಮಾಡಿ ಕೇಳಿದೆ. ಗುಂಪಿನಲ್ಲಿ “ಯಾರು ಮಾಡುತ್ತೀರಿ?” ಎಂದರೆ ಮೌನ, “ನೀನು ಮಾಡುತ್ತೀಯಾ?” ಎಂದು ಒಬ್ಬನನ್ನೇ ಕೇಳಿದರೆ ತಕ್ಷಣ ಉತ್ತರ. ತರಗತಿಯಲ್ಲಿ ಮೂವತ್ತೈದು ವರ್ಷ ಕಂಡದ್ದೇ ಇದು. ಒಂದು ಕೆಲಸಕ್ಕೆ ಒಂದೇ ಹೆಸರು. ಇಬ್ಬರ ಹೆಸರು ಹಾಕಿದರೆ ಇಬ್ಬರೂ ಇನ್ನೊಬ್ಬರನ್ನು ನೆನೆಯುತ್ತಾರೆ. ನಂತರ ಪಟ್ಟಿಯನ್ನು ಚಿತ್ರವಾಗಿ ಅಲ್ಲದೆ ಅಕ್ಷರದಲ್ಲಿಯೇ ಗುಂಪಿಗೆ ಹಾಕಿ, ಮೂವತ್ತು ದಿನ ಮೇಲೆಯೇ ನಿಲ್ಲುವಂತೆ `Pin` ಮಾಡಿಸಿದೆ. “ಬದಲಾವಣೆ ಇದ್ದರೆ ಇಲ್ಲಿ ಬರೆಯಬೇಡಿ, ನನಗೆ ಫೋನು ಮಾಡಿ” ಎಂದು ಕೆಳಗೆ ಸೇರಿಸಿದೆ. ಹರಟೆ ಮುಂದುವರಿಯಿತು, ಮುಂದುವರಿಯಲೂಬೇಕು, ಮನೆಯ ಸಂಭ್ರಮವಿರುವುದು ಅದರಲ್ಲಿಯೇ. ಪಟ್ಟಿ ಮಾತ್ರ ಅದರಿಂದ ಅಲುಗಾಡಲಿಲ್ಲ.

ಪಟ್ಟಿಯ ಕೊನೆಗೆ ‘ತೀರ್ಮಾನವಾಗದವು’ ಎಂದು ಒಂದು ಭಾಗ ಮಾಡಿದ್ದೆ. ಯಾರೋ ಕೇಳಿ, ಯಾರೂ ಉತ್ತರಿಸದೆ ಬಿಟ್ಟ ಪ್ರಶ್ನೆಗಳು ಅಲ್ಲಿಗೆ ಹೋಗುತ್ತವೆ. ಜನವರಿ 9ರಂದು ಶಿವಮೊಗ್ಗದ ನಮ್ಮ ಸೋದರಳಿಯ “ಜನರೇಟರ್ ಬೇಡವಾ?” ಎಂದು ಎರಡೇ ಪದ ಬರೆದಿದ್ದ, ಅದರ ಮೇಲೆ ಚೀಲದ ಬಣ್ಣದ ಮಾತು ಹರಿದು ಹೋಗಿತ್ತು. ಇದನ್ನು ಬೇಕೆಂದು ಬರೆಯಲು ನನಗೆ ಅಧಿಕಾರವಿಲ್ಲ, ಬಿಡಲೂ ಇಲ್ಲ. ತಮ್ಮನನ್ನು ಕೇಳಿದಾಗ, ಬಾಡಿಗೆಗೆ ಕೊಡುವವರ ಫೋನ್ ನಂಬರ್ ಪಡೆದು ಮಾತಾಡಿಟ್ಟಿರೋಣ, ಬೇಕಾದರೆ ತರಿಸೋಣ ಎಂದ. “ಯಾರು ಫೋನು ಮಾಡುವುದು?” ಎಂದೆ. ಸೋದರಳಿಯನ ಹೆಸರೇ ಬಿತ್ತು.

ಗುರುವಾರ ಹಸು, ಕರು ಸಮಯಕ್ಕೆ ಬಂದವು. ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಮುಕ್ಕಾಲು ಗಂಟೆಯಲ್ಲಿ ಜನರೇಟರ್ ಬಂತು, ಬಾಡಿಗೆ 2,450. ಅಡುಗೆಯವರು ಎಲೆ ಎಣಿಸಿದಾಗ 220ರ ಬದಲು 231 ಆಗಿತ್ತು, 3,850 ಹೆಚ್ಚು. ಬೇರೆ ಯಾವ ಸಾಲೂ ಮೀರಲಿಲ್ಲ. ತೆಗೆದಿಟ್ಟ 15,500ರಲ್ಲಿ 6,300 ಖರ್ಚಾಗಿ 9,200 ಉಳಿಯಿತು. ಭಾವನವರ ಎಂಟು ಸಾವಿರವನ್ನು ತಮ್ಮ ಅದರಿಂದಲೇ ಎತ್ತಿ, ಶನಿವಾರ ಅವರು ಊರಿಗೆ ಹೊರಡುವ ಮುಂಚೆ, ತಾಂಬೂಲದ ಜೊತೆಯಲ್ಲಿಟ್ಟು ಕೊಟ್ಟ. ಚೀಲ ಹಸಿರು ಬಣ್ಣದ್ದಾಗಿತ್ತು.